ಕುರ್ಚಿ ಬಾಗಿಲವರೆಗೆ ಹೋದ 17 ರಾತ್ರಿ

ಮೆಲ್ಬರ್ನ್‌ನಲ್ಲಿ ಮಗುವಿಗೆ ಎಂಟು ತಿಂಗಳಾಯಿತು ಅಂದರೆ, "ಸ್ಲೀಪ್ ಟ್ರೈನಿಂಗ್ ಮಾಡಿದ್ರಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಣಂತನಕ್ಕೆ ಶಿವಮೊಗ್ಗದಿಂದ ಬಂದು ಇನ್ನೂ ನಮ್ಮ ಜೊತೆಗೇ ಇದ್ದ ಅಮ್ಮನಿಗೆ ಈ ಮಾತೇ ವಿಚಿತ್ರ. "ನಿದ್ದೆ ಮಾಡೋದನ್ನೂ ಕಲಿಸ್ತಾರೇನೇ?" ಅಂದರು. ನಾನೂ ನಕ್ಕೆ. ಮಗಳಿಗೆ ಒಂಬತ್ತು ತಿಂಗಳಾಗುವ ಹೊತ್ತಿಗೆ ನಗು ನಿಂತಿತ್ತು.

ಅವಳು ಏಳುವ ಹೊತ್ತನ್ನು ಫೋನಿನಲ್ಲಿ ಬರೆದಿಡುತ್ತಿದ್ದೆ. 7.30ಕ್ಕೆ ಹಾಲು ಕುಡಿಯುತ್ತಲೇ ನಿದ್ದೆ. 8.25ಕ್ಕೆ ಎಚ್ಚರ. ಆಮೇಲೆ 9.20, 10.15, 11.10. ನಾನು ಹಸಿವು ಅಂದುಕೊಂಡಿದ್ದೆ. ನಮ್ಮ ಏರಿಯಾದ ಮಕ್ಕಳ ಆರೋಗ್ಯದ ನರ್ಸ್ ಪಟ್ಟಿ ನೋಡಿದವರೇ, "ಹಸಿವು ಇಷ್ಟು ಟೈಮ್‌ ಟೇಬಲ್ ಪ್ರಕಾರ ಬರಲ್ಲ" ಅಂದರು. ಈ ವಯಸ್ಸಿನ ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 50–60 ನಿಮಿಷ. ಪ್ರತಿ ಸುತ್ತು ಮುಗಿದಾಗ ಅರೆ ಎಚ್ಚರ ಆಗುತ್ತದೆ. ದೊಡ್ಡವರಿಗೂ ಆಗುತ್ತದೆ, ಮಗ್ಗಲು ಬದಲಿಸಿ ಮತ್ತೆ ಮಲಗುತ್ತೇವೆ. ಆದರೆ ಬಸ್ಸಿನಲ್ಲಿ ಅಮ್ಮನ ಹೆಗಲಿಗೆ ಒರಗಿ ಜೋಂಪು ಹತ್ತಿದ ಮಗು, ಕಣ್ಣು ಬಿಟ್ಟಾಗ ಪಕ್ಕದ ಸೀಟು ಖಾಲಿ ಇದ್ದರೆ ಸುಮ್ನಿರುತ್ತದಾ? ನನ್ನ ಮಗಳ ಕಥೆಯೂ ಅದೇ. ಮಲಗಿದ್ದು ಎದೆಗೆ ಅಂಟಿಕೊಂಡು, ಎದ್ದಿದ್ದು ಕಾಟ್‌ನಲ್ಲಿ ಒಂಟಿಯಾಗಿ.

ಹಾಗಾಗಿ ಯಾವ ವಿಧಾನ ಹಿಡಿದರೂ ಕೆಲಸ ಒಂದೇ. ಕಣ್ಣು ಮುಚ್ಚುವಾಗ ಮಗುವಿನ ಹತ್ತಿರ ಏನಿತ್ತೋ, ರಾತ್ರಿ ಎರಡು ಗಂಟೆಗೂ ಅದೇ ಇರಬೇಕು. ಅಲ್ಲಿಗೆ ಹೇಗೆ ತಲುಪುತ್ತೀರಿ ಅನ್ನುವುದರಲ್ಲಷ್ಟೇ ವ್ಯತ್ಯಾಸ.

ನಾವು ಮೊದಲು ಹಿಡಿದದ್ದು ಗಡಿಯಾರದ ದಾರಿ. ಬಾಸ್ಟನ್ನಿನ ಮಕ್ಕಳ ಡಾಕ್ಟರ್ ರಿಚರ್ಡ್ ಫರ್ಬರ್ 1985ರಲ್ಲಿ ಪುಸ್ತಕ ಬರೆದು ಇದನ್ನು ಮನೆಮನೆಗೆ ಮುಟ್ಟಿಸಿದರು. ಮಗುವನ್ನು ಎಚ್ಚರ ಇರುವಾಗಲೇ ಮಲಗಿಸಿ ಹೊರಗೆ ಬರಬೇಕು. ಅತ್ತರೆ 3 ನಿಮಿಷ ಬಿಟ್ಟು ಒಳಗೆ ಹೋಗಬೇಕು, ಎತ್ತಿಕೊಳ್ಳದೆ ಒಂದೆರಡು ಮಾತು ಆಡಿ ವಾಪಸ್ ಬರಬೇಕು. ಆಮೇಲೆ 5 ನಿಮಿಷ, ಆಮೇಲೆ 10. ಮಾರನೇ ದಿನ 5ರಿಂದ ಶುರು. ಮಗು ಅಳು ನಿಲ್ಲಿಸಲಿ ಅಂತ ಒಳಗೆ ಹೋಗುವುದಲ್ಲ. ನಾವು ಎಲ್ಲೂ ಹೋಗಿಲ್ಲ ಅಂತ ಅದಕ್ಕೆ ಗೊತ್ತಾಗಲಿ ಅಂತ ಅಷ್ಟೇ.

ಮೊದಲ ರಾತ್ರಿ 48 ನಿಮಿಷ ಅತ್ತಳು. ಎರಡನೇ ರಾತ್ರಿ 40. ಆದರೆ ನಾನು ಗಮನಿಸಿದ್ದೇ ಬೇರೆ. ನಾನು ಒಳಗೆ ಹೋದ ಕೂಡಲೇ ಕಾಟಿನ ಕಂಬಿ ಹಿಡಿದು ಎದ್ದು ನಿಂತು ಎರಡೂ ಕೈ ಚಾಚುತ್ತಿದ್ದಳು. ನಾನು ತಿರುಗಿದರೆ ಸಾಕು, ಮುಂಚಿಗಿಂತ ಜೋರಾಗಿ ಕಿರುಚುತ್ತಿದ್ದಳು. ಪ್ರತಿ ಭೇಟಿಯೂ ಉರಿಯುವ ಒಲೆಗೆ ಊದಿದ ಹಾಗೆ. ಮೂರನೇ ರಾತ್ರಿ 45ನೇ ನಿಮಿಷಕ್ಕೆ ಅಮ್ಮ, "ಸಾಕು ಬಿಡೇ, ಪಾಪ" ಅನ್ನುತ್ತಾ ಹೋಗಿ ಎತ್ತಿಕೊಂಡೇಬಿಟ್ಟರು.

ಅಮ್ಮನನ್ನು ದೂರುತ್ತಿಲ್ಲ. ಐದು ನಿಮಿಷ ತಡ ಆಗಿದ್ದರೆ ನಾನೇ ಎತ್ತಿಕೊಳ್ಳುತ್ತಿದ್ದೆ. ಆದರೆ ಈ ವಿಧಾನ ಕೆಡುವುದು ಸರಿಯಾಗಿ ಅಲ್ಲೇ. ಮೂರು ನಿಮಿಷಕ್ಕೆ ಎತ್ತಿಕೊಂಡಿದ್ದರೆ ತೊಂದರೆ ಕಡಿಮೆ. 45 ನಿಮಿಷ ಅಳಿಸಿ ಎತ್ತಿಕೊಂಡರೆ, ಅಷ್ಟು ಹೊತ್ತು ಅತ್ತರೆ ಬರುತ್ತಾರೆ ಅಂತ ನಾವೇ ಹೇಳಿಕೊಟ್ಟ ಹಾಗೆ. ನಾಲ್ಕನೇ ರಾತ್ರಿ ಒಂದು ಗಂಟೆ ದಾಟಿತು. ನಿಲ್ಲಿಸಿಬಿಟ್ಟೆವು.

ಪಕ್ಕದ ಬೀದಿಯ ಗೆಳತಿಯ ಏಳು ತಿಂಗಳ ಮಗ ಇದೇ ವಿಧಾನದಲ್ಲಿ ಮೂರನೇ ರಾತ್ರಿ ಹನ್ನೆರಡೇ ನಿಮಿಷಕ್ಕೆ ಮಲಗಿದ. ಅಪ್ಪನ ಮುಖ ಕಂಡರೆ ಅವನಿಗೆ ಸಮಾಧಾನ. ಅವನಿಗಿನ್ನೂ ಎದ್ದು ನಿಲ್ಲಲು ಬರುತ್ತಿರಲಿಲ್ಲ, ಅಪ್ಪ ಅಮ್ಮ ಬಿಟ್ಟು ಹೋಗುತ್ತಾರೆ ಅನ್ನುವ ಭಯವೂ ಶುರುವಾಗಿರಲಿಲ್ಲ. ಈ ಭಯ ಸಾಮಾನ್ಯವಾಗಿ ಎಂಟು ಒಂಬತ್ತು ತಿಂಗಳಿಗೆ ಜಾಸ್ತಿ ಆಗುತ್ತದೆ. ನಾವು ಹೊರಟಿದ್ದೇ ಅಂಥ ಹೊತ್ತಿನಲ್ಲಿ.

ಎರಡು ವಾರ ಬಿಟ್ಟು ಕುರ್ಚಿಯ ದಾರಿ ಹಿಡಿದೆವು. ಇಲ್ಲಿನವರು ಇದಕ್ಕೆ ಕ್ಯಾಂಪಿಂಗ್ ಔಟ್ ಅನ್ನುತ್ತಾರೆ. ಮಗುವನ್ನು ಬಿಟ್ಟು ಹೋಗುವುದಿಲ್ಲ, ದಿನಕ್ಕಿಷ್ಟು ಅಂತ ದೂರ ಸರಿಯುವುದು. ಈ ಸಲ ಮೂರು ಬದಲಾವಣೆ ಮಾಡಿದೆವು. ಮಲಗಿಸುವ ಕೆಲಸ ನನ್ನ ಗಂಡನಿಗೆ, ಯಾಕೆಂದರೆ ನನ್ನ ಮೈಯಲ್ಲಿ ಹಾಲಿನ ವಾಸನೆ. ಸಂಜೆಯ ಹಾಲನ್ನು ಲೈಟ್ ಹಾಕಿಕೊಂಡು ಹಾಲ್‌ನಲ್ಲೇ, ನಿದ್ದೆಗೆ ಅರ್ಧ ಗಂಟೆ ಮುಂಚೆ ಕುಡಿಸಿದೆ. ಮಲಗಿಸುವ ಹೊತ್ತನ್ನು 7.30ರಿಂದ 8.15ಕ್ಕೆ ತಂದೆವು. ಸಂಜೆ ಐದರವರೆಗೆ ಮಲಗಿದ್ದ ಮಗುವನ್ನು ಏಳೂವರೆಗೆ ಮಲಗು ಅಂದರೆ ಅಳದೆ ಇನ್ನೇನು ಮಾಡುತ್ತದೆ! ಇದನ್ನು ಮೊದಲೇ ಮಾಡಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು ಅನ್ನುವುದು ಈಗ ನನ್ನ ಅನಿಸಿಕೆ.

ಮೊದಲ ಮೂರು ರಾತ್ರಿ ಅವರು ಕಾಟ್ ಪಕ್ಕ ನೆಲದ ಮೇಲೆ ಹಾಸಿಗೆ ಹಾಕಿ, ಕಂಬಿಯ ಸಂದಿಯಿಂದ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು ಮಲಗಿದರು. ತಟ್ಟಬಹುದು, ಆದರೆ ಕಣ್ಣು ಪೂರ್ತಿ ಮುಚ್ಚುವ ಮುಂಚೆ ತಟ್ಟುವುದು ನಿಲ್ಲಬೇಕು. ಇಲ್ಲದಿದ್ದರೆ ಎದೆಹಾಲಿನ ಜಾಗಕ್ಕೆ ತಟ್ಟುವುದು ಬಂತು, ಅಷ್ಟೇ. ಅತ್ತಳು, ಮೊದಲ ದಿನ 35 ನಿಮಿಷ. ಆದರೆ ಅದು ರಚ್ಚೆಯಲ್ಲ, ಕೊರಗು. ಅತ್ತು, ನಿಲ್ಲಿಸಿ, ಅಪ್ಪ ಇದ್ದಾರಾ ಅಂತ ನೋಡಿ, ಮತ್ತೆ ಅತ್ತಳು.

ನಿಜವಾದ ಕಷ್ಟ ಬಂದದ್ದು ನಾಲ್ಕನೇ ರಾತ್ರಿ, ಕೈ ತೆಗೆದಾಗ. ಮತ್ತೆ 40 ನಿಮಿಷ. ಹಂತ ಬದಲಾದಾಗೆಲ್ಲ ಇದು ಆಗುತ್ತದೆ, ಗಾಬರಿಯಾಗಿ ಹಿಂದಿನ ಹಂತಕ್ಕೆ ಓಡಬಾರದು. ಏಳನೇ ರಾತ್ರಿ ಹಾಸಿಗೆ ಹೋಗಿ ಕುರ್ಚಿ ಬಂತು. ಆಮೇಲೆ ಎರಡು ರಾತ್ರಿಗೊಮ್ಮೆ ಒಂದೊಂದು ಮೊಳ ಬಾಗಿಲ ಕಡೆಗೆ. ಹದಿನೇಳನೇ ರಾತ್ರಿ ಕುರ್ಚಿ ಹೊಸ್ತಿಲಾಚೆ ಇತ್ತು. ಅವಳು ತನ್ನ ಕಾಲ್ಬೆರಳು ಹಿಡಿದುಕೊಂಡು ಏನೇನೋ ಗೊಣಗುತ್ತಾ ಒಂಬತ್ತು ನಿಮಿಷದಲ್ಲಿ ಮಲಗಿದಳು.

ನಡುವೆ ನಾನೊಂದು ತಪ್ಪು ಮಾಡಿದೆ. ಸಂಜೆ ಕುರ್ಚಿ, ರಾತ್ರಿ ಎರಡಕ್ಕೆ ಎದ್ದರೆ ನನ್ನ ಹಾಸಿಗೆ. ಒಂದು ವಾರ ಅದಕ್ಕೇ ರಾತ್ರಿಯ ಏಳಾಟ ಕಡಿಮೆ ಆಗಲಿಲ್ಲ. ಸಂಜೆ ಕುರ್ಚಿ ಎಲ್ಲಿತ್ತೋ ನಡುರಾತ್ರಿಯೂ ಅಲ್ಲೇ ಇರಬೇಕು. ಡಾಕ್ಟರ್ ಅವಳ ತೂಕ ನೋಡಿ, ರಾತ್ರಿ ಒಂದು ಸಲ ಹಾಲು ಸಾಕು ಅಂದರು. ನಡುರಾತ್ರಿ ಒಂದು ಗಂಟೆಯಾದ ಮೇಲೆ ಮೊದಲು ಎದ್ದಾಗ ಮಾತ್ರ ಕೊಡುವುದು ಅಂತ ಮಾಡಿಕೊಂಡೆವು. ಉಳಿದದ್ದಕ್ಕೆಲ್ಲ ಅಪ್ಪ ಮತ್ತು ಕುರ್ಚಿ. ಆರು ತಿಂಗಳೊಳಗಿನ ಮಗುವಿಗೆ, ತೂಕ ಏರದ ಮಗುವಿಗೆ, ಜ್ವರ ಶೀತ ಇರುವಾಗ ಇದ್ಯಾವುದೂ ಬೇಡ.

"ಹೀಗೆ ಅಳಿಸಿದರೆ ಮನಸ್ಸಿಗೆ ಪೆಟ್ಟು ಬೀಳಲ್ವಾ?" ಅಮ್ಮನ ಈ ಪ್ರಶ್ನೆ ನನ್ನದೂ ಆಗಿತ್ತು. ಇದೇ ಊರಿನಲ್ಲಿ ಹ್ಯಾರಿಯೆಟ್ ಹಿಸ್ಕಾಕ್ ಮತ್ತವರ ತಂಡ, ಏಳು ತಿಂಗಳಿಗೆ ನಿದ್ದೆಯ ತೊಂದರೆ ಇದ್ದ 326 ಮಕ್ಕಳನ್ನು ಇಟ್ಟುಕೊಂಡು ಅಧ್ಯಯನ ಮಾಡಿತ್ತು. ಒಂದು ಗುಂಪಿನ ತಾಯಂದಿರಿಗೆ ಈ ಎರಡೂ ವಿಧಾನ ಹೇಳಿಕೊಟ್ಟಿದ್ದರು. ಆರನೇ ವಯಸ್ಸಿನಲ್ಲಿ ಸಿಕ್ಕ ಮಕ್ಕಳನ್ನು ಮತ್ತೆ ನೋಡಿದಾಗ ಮನಸ್ಸು, ನಡವಳಿಕೆ, ಅಪ್ಪ ಅಮ್ಮನ ಜೊತೆಗಿನ ನಂಟು ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಇರಲಿಲ್ಲ. 2012ರಲ್ಲಿ ಪ್ರಕಟವಾಯಿತು. ಕೆಡುಕೂ ಇಲ್ಲ, ದೊಡ್ಡ ಲಾಭವೂ ಉಳಿದಿಲ್ಲ. ಈ ಎರಡನೆಯದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಅಂದರೆ ಟ್ರೈನಿಂಗ್ ಮಾಡದೆ ಪಕ್ಕದಲ್ಲೇ ಮಲಗಿಸಿಕೊಳ್ಳುವವರ ಮಕ್ಕಳೇನೂ ಹಿಂದೆ ಬೀಳುವುದಿಲ್ಲ. ನಿಮಗೆ ತೊಂದರೆ ಇಲ್ಲದಿದ್ದರೆ ಸುಮ್ನೆ ಮಲಗಿಸಿಕೊಳ್ಳಿ.

ತೊಂದರೆ ಇದ್ದರೆ, ಗಡಿಯಾರವೋ ಕುರ್ಚಿಯೋ ಅನ್ನುವುದಕ್ಕೆ ಒಂದು ಸಂಜೆ ನೋಡಿ: ನೀವು ಹೋಗಿ ಮಾತಾಡಿಸಿ ಬಂದ ಮೇಲೆ ಅಳು ಇಳಿಯುತ್ತದಾ, ಏರುತ್ತದಾ? ಇಳಿದರೆ ಗಡಿಯಾರ ಹಿಡಿಯಿರಿ, ಐದಾರು ರಾತ್ರಿಗೆ ಮುಗಿಯಬಹುದು. ಏರಿದರೆ ಕುರ್ಚಿ, ಎರಡು ಮೂರು ವಾರ ಬೇಕು. ಎದುರಿಗಿದ್ದೂ ಎತ್ತಿಕೊಳ್ಳದ ಅಪ್ಪನನ್ನು ಕಂಡರೇ ಸಿಟ್ಟಾಗುವ ಮಕ್ಕಳೂ ಇವೆ, ಅವಕ್ಕೆ ಕುರ್ಚಿ ಆಗಿಬರುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಊರಿಗೆ ಹೋಗಿ ಮೂರು ವಾರ ಇದ್ದೆವು. ಅಲ್ಲಿ ಅವಳು ಮಲಗಿದ್ದು ಅಜ್ಜಿಯ ಮಗ್ಗುಲಲ್ಲಿ, ಸೆರಗು ಹಿಡಿದುಕೊಂಡು. ವಾಪಸ್ ಬಂದ ರಾತ್ರಿ ಕುರ್ಚಿ ಮತ್ತೆ ಕಾಟ್ ಪಕ್ಕಕ್ಕೆ ಬಂತು. ಈ ಸಲ ಬಾಗಿಲು ಮುಟ್ಟಲು ನಾಲ್ಕೇ ರಾತ್ರಿ ಸಾಕಾಯಿತು.