ಕಳ್ಳರೇ ಇಲ್ಲದ ರಾಜ್ಯದಲ್ಲಿ ದನ ಕದ್ದವರಾರು?

ನಮ್ಮಲ್ಲಿ ಮಳೆಗೆ ಬರ ಬಂದರೂ ಉತ್ಸವಗಳಿಗೆ ಬರವಿಲ್ಲ. ಉತ್ಸವ ಇದ್ದಲ್ಲಿ ವೇದಿಕೆ, ವೇದಿಕೆ ಇದ್ದಲ್ಲಿ ಒಬ್ಬರು ಇತಿಹಾಸ ಬಲ್ಲ ಭಾಷಣಕಾರರು. ಪೇಟ, ಶಾಲು, ಹಾರ ಎಲ್ಲ ಬಿದ್ದ ಮೇಲೆ ಮೈಕು ಹಿಡಿದು ಗುಡುಗುತ್ತಾರೆ: "ಆ ಮಹಾರಾಜರ ಕಾಲದಲ್ಲಿ ಕಳ್ಳರೇ ಇರಲಿಲ್ಲ ಬಂಧುಗಳೇ! ಶಿಕ್ಷೆ ಅನ್ನೋದೇ ಇರಲಿಲ್ಲ! ಇದು ನನ್ನ ಮಾತಲ್ಲ, ಕವಿಯೇ ಹೇಳಿದ್ದಾನೆ!" ಜೋರು ಚಪ್ಪಾಳೆ. ಕವಿಗೆ ಅಗ್ರಹಾರ ಬರೆದುಕೊಟ್ಟವರು ಯಾರು ಸ್ವಾಮಿ ಅಂತ ಕೇಳುವವರೇ ಇಲ್ಲ.

ಕವಿ ಹೇಳಿದ್ದು ನಿಜ. ಆದರೆ ಏನು ಹೇಳಿದ್ದ ಅಂತ ಸ್ವಲ್ಪ ನೋಡೋಣ. ಹಳೆಯ ಮಹಾಕಾವ್ಯ ಬರೆಯುವವನಿಗೆ ಅಷ್ಟಾದಶ ವರ್ಣನೆ ಅಂತ ಒಂದು ಪಟ್ಟಿ ಇತ್ತು. ಊರು, ಸಮುದ್ರ, ಬೆಟ್ಟ, ಋತು, ಚಂದ್ರೋದಯ, ಕುಡಿತದ ಗೋಷ್ಠಿ, ಹೀಗೆ ಹದಿನೆಂಟು. ಊರಿನ ಸರದಿ ಬಂದಾಗ ಕೈಗೆ ಸಿಗುತ್ತಿದ್ದ ಒಂದು ಸಿದ್ಧ ಅಲಂಕಾರದ ಹೆಸರು ಪರಿಸಂಖ್ಯೆ. ಅದರ ವರಸೆ ಹೀಗಿರುತ್ತದೆ: ಆ ಊರಲ್ಲಿ ದಂಡ ಇದ್ದದ್ದು ಕೊಡೆಗೆ ಮಾತ್ರ, ಬಂಧ ಇದ್ದದ್ದು ಕಾವ್ಯದಲ್ಲಿ ಮಾತ್ರ, ವಕ್ರತೆ ಇದ್ದದ್ದು ಹೆಂಗಸರ ಮುಂಗುರುಳಿನಲ್ಲಿ ಮಾತ್ರ. ದಂಡ ಅಂದರೆ ಶಿಕ್ಷೆಯೂ ಹೌದು, ಕೋಲೂ ಹೌದು; ಬಂಧ ಅಂದರೆ ಸೆರೆಯೂ ಹೌದು, ಪದಗಳ ಕಟ್ಟೂ ಹೌದು. ಓದುವವನು ಮುಗುಳ್ನಗಲಿ ಅಂತ ಮಾಡಿದ ಚಮತ್ಕಾರ ಇದು. ಇದೇ ಧಾಟಿಯಲ್ಲಿ ಏಳನೇ ಶತಮಾನದಲ್ಲಿ ಬಾಣ ತನ್ನ ಕಾದಂಬರಿಯಲ್ಲಿ ಶೂದ್ರಕ ಅನ್ನೋ ಕಥೆಯ ರಾಜನನ್ನು ಹೊಗಳಿದ್ದಾನೆ. ಆಮೇಲೆ ಬಂದವರು ರಾಜನ ಹೆಸರು ಬದಲಿಸಿದರು, ಕೊಡೆ ಮಾತ್ರ ಅದೇ ಉಳಿಯಿತು. ನಮ್ಮ ಭಾಷಣಕಾರರು ಅದನ್ನು ಅಪರಾಧ ಇಲಾಖೆಯ ವಾರ್ಷಿಕ ವರದಿ ಅಂತ ಓದಿಬಿಟ್ಟರು. ಈ ಲೆಕ್ಕದಲ್ಲಿ ನಮ್ಮ ಪೊಲೀಸರೂ ಒಬ್ಬ ಕವಿಯನ್ನು ಇಟ್ಟುಕೊಂಡರೆ ಸಾಕು, ಠಾಣೆಗೇ ಬೀಗ ಹಾಕಬಹುದು.

ಭಾಷಣ ಮುಗಿಸಿ ಕಾರು ಹತ್ತುವ ಮೊದಲು ಅವರು ಅದೇ ಊರ ಕೆರೆ ಏರಿ ಕಡೆಗೆ ನಾಲ್ಕು ಹೆಜ್ಜೆ ಹಾಕಿದ್ದರೆ ಚೆನ್ನಾಗಿತ್ತು. ಅಲ್ಲೊಂದು ವೀರಗಲ್ಲು ಇರುವ ಸಾಧ್ಯತೆ ಜಾಸ್ತಿ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಬಿಲ್ಲು ಹಿಡಿದು ನಿಂತಿರುತ್ತಾನೆ, ಅವನ ಹಿಂದೆಯೋ ಮುಂದೆಯೋ ಸಾಲಾಗಿ ದನಗಳು. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಲಿಂಗವೋ ಜಿನನೋ. ತುರುಗೋಳಿನಲ್ಲಿ, ಅಂದರೆ ಹೊಡೆದುಕೊಂಡು ಹೋಗುತ್ತಿದ್ದ ಊರ ದನ ಬಿಡಿಸುವ ಕಾಳಗದಲ್ಲಿ, ಸತ್ತವನ ಕಲ್ಲು ಅದು. ಕಳ್ಳರೇ ಇಲ್ಲದ ರಾಜ್ಯದಲ್ಲಿ ದನಗಳು ಸುಮ್ನೆ ತಾವಾಗಿಯೇ ಪಕ್ಕದ ನಾಡಿಗೆ ನಡೆದುಕೊಂಡು ಹೋದವೇ? ವೀರಗಲ್ಲಿನಲ್ಲೂ ಹೊಗಳಿಕೆ ಇದೆ, ಇಲ್ಲ ಅನ್ನಲ್ಲ. ಒಬ್ಬನೇ ಹತ್ತಾರು ಜನರನ್ನು ಕೆಡವಿದ ಅಂತ ಇದ್ದರೆ ಅರ್ಧ ಬಿಟ್ಟು ಓದಬೇಕು. ಆದರೆ ದನ ಕಳುವಾಗುತ್ತಿತ್ತು, ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡುತ್ತಿದ್ದರು ಅನ್ನೋದನ್ನು ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ. ಕಾವ್ಯದ ಹೊಗಳಿಕೆಯನ್ನು ಪಕ್ಕದ ಕಲ್ಲಿನ ಜೊತೆ ಇಟ್ಟು ನೋಡಬೇಕು ಅನ್ನೋದು ಇದಕ್ಕೇ.

ಇನ್ನೊಂದು ಪಂಗಡವೂ ಇದೆ, ಇವರು ಮಹಾ ಬುದ್ಧಿವಂತರು. "ಆಸ್ಥಾನ ಕವಿಗಳೆಲ್ಲ ಭಟ್ಟಂಗಿಗಳು ಕಣ್ರೀ, ಅದರಲ್ಲೇನಿದೆ" ಅಂತ ಒಂದೇ ಸಾಲಿನಲ್ಲಿ ಸಾವಿರ ವರ್ಷದ ಸಾಹಿತ್ಯವನ್ನು ಮುಗಿಸುತ್ತಾರೆ. ಓದುವ ಕಷ್ಟ ತಪ್ಪಿತಲ್ಲ, ಅದು ದೊಡ್ಡ ಅನುಕೂಲ. ಇವರಿಗೆ ಗೊತ್ತಿಲ್ಲದ್ದು ಏನಂದರೆ, ಹೊಗಳುವವನು ಎಲ್ಲಿ ತಿಣುಕುತ್ತಾನೋ ಅಲ್ಲೇ ಸಮಾಜ ಕಾಣುತ್ತದೆ.

ಪಂಪನನ್ನೇ ತೆಗೆದುಕೊಳ್ಳಿ. 941ರ ವಿಕ್ರಮಾರ್ಜುನ ವಿಜಯ. ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ಅರಿಕೇಸರಿ, ರಾಷ್ಟ್ರಕೂಟರ ಸಾಮಂತ. ಪಂಪ ಅವನನ್ನೇ ಅರ್ಜುನ ಮಾಡಿದ. ಸಾಮಂತನಿಗೆ ಖುಷಿಯೋ ಖುಷಿ. ಆದರೆ ಒಂದು ತೊಡಕು ಬಂತು: ದ್ರೌಪದಿಗೆ ಐದು ಗಂಡಂದಿರು. ದೊರೆಯೇ ಅರ್ಜುನ ಅಂದಮೇಲೆ ದೊರೆಯ ಹೆಂಡತಿಯನ್ನು ಅಣ್ಣತಮ್ಮಂದಿರಿಗೆ ಹಂಚುವುದು ಹೇಗೆ? ದೊರೆ ಕೊಡುವ ಧರ್ಮವುರದ ಅಗ್ರಹಾರ ಕೈಗೆ ಬರಬೇಕೋ ಬೇಡವೋ? ಪಂಪ ವ್ಯಾಸರ ಕಥೆಯನ್ನೇ ತಿದ್ದಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಯಲ್ಲಿ ಸಿಂಹಾಸನದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ.

ತೇಪೆ ಹಾಕಿದ್ದೇನೋ ಸರಿ, ಹೊಲಿಗೆ ಕಾಣುತ್ತದೆ. ಜೂಜಿನಲ್ಲಿ ಧರ್ಮರಾಯ ಪಣಕ್ಕಿಡುವುದು ಈಗ ತಮ್ಮನ ಹೆಂಡತಿಯನ್ನು! ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿ ಕಟ್ಟುವವನು ಭೀಮನೇ. ಗಂಡನಲ್ಲದ ಭೀಮನಿಗೆ ಆ ಮುಡಿಯ ಉಸಾಬರಿ ಯಾಕೆ ಅಂತ ಕೇಳಿದರೆ ಕಾವ್ಯಕ್ಕೆ ಸ್ವಲ್ಪ ಮುಜುಗರ. ಇದನ್ನು "ನೋಡಿ, ಹಾಳು ಹೊಗಳುಭಟ್ಟ" ಅಂತ ಬಿಸಾಡಿದರೆ ನಷ್ಟ ನಮಗೇ. ಹತ್ತನೇ ಶತಮಾನದ ಒಂದು ಕನ್ನಡ ಆಸ್ಥಾನದಲ್ಲಿ ಕಥೆಗೂ ಸಹಿಸಲಾಗದ ಸಂಗತಿ ಯಾವುದು, ಮನೆತನದ ಮರ್ಯಾದೆ ಅಂದರೆ ಏನು ಅನ್ನೋದನ್ನು ಯಾವ ತಾಮ್ರಶಾಸನವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಹೊಗಳಿಕೆಯೇ ಇಲ್ಲಿ ಸಾಕ್ಷಿ. ಸಾಕ್ಷಿ ಅರಮನೆಯದ್ದು ಮಾತ್ರ, ಅದು ನೆನಪಿರಲಿ. ಆ ಕಾಲದ ಒಕ್ಕಲಿನ ಮನೆಯಲ್ಲಿ ಮದುವೆ ಹೇಗೆ ನಡೆಯುತ್ತಿತ್ತು ಅಂತ ಇದರಿಂದ ಹೇಳಹೊರಟರೆ ನಾವೂ ಮೈಕು ಹಿಡಿದವರ ಪಕ್ಕದ ಕುರ್ಚಿಗೇ ಹೋಗಬೇಕು.

ಇನ್ನೂ ಮಜಾ ಏನಂದರೆ, ಇಷ್ಟೆಲ್ಲ ಸರ್ಕಸ್ಸು ಮಾಡಿದ ಪಂಪನಿಗೆ ಮನಸ್ಸು ಕರಗಿದ್ದು ಕರ್ಣನ ಮೇಲೆ. ದೊರೆಯ ವೈರಿ! "ಕುಲಂ ಕುಲಮಲ್ತು ಚಲಂ ಕುಲಂ" ಅಂತ ಅವನ ಬಾಯಲ್ಲಿ ಹೇಳಿಸುತ್ತಾನೆ. ಕುಲ ಎತ್ತಿ ಮಾತಾಡುವವರು ಸುತ್ತ ಇಲ್ಲದಿದ್ದರೆ ಇಂಥ ಸಾಲು ಹುಟ್ಟುತ್ತಿತ್ತಾ? ಹಣ ಕೊಟ್ಟವನಿಗೆ ಬೇಡದ ಮಾತು ಕಾವ್ಯದಲ್ಲಿ ಸಿಕ್ಕರೆ ಅಲ್ಲಿ ಪುಟ ಮಡಚಿಡಿ. (ನಮ್ಮ ವೇದಿಕೆಗಳಲ್ಲಿ ಈ ಸಾಲನ್ನು ಗಂಟಲು ಕಟ್ಟುವ ಹಾಗೆ ಹೇಳಿ, ಕೆಳಗಿಳಿದ ತಕ್ಷಣ ಪಂಪ ಯಾವ ಕುಲದವನು, ಯಾರ ಪಾಲಿನವನು ಅಂತ ಜಗಳ ಶುರು ಮಾಡುತ್ತಾರೆ.)

ಅರಮನೆಯ ಒಳಗಿಂದಲೇ ಬಂದ ಇನ್ನೊಂದು ಪುಸ್ತಕ ಹದಿಬದೆಯ ಧರ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ್ದು, ಅಂದರೆ 1673ರಿಂದ 1704ರ ನಡುವಿನದು. ಬರೆದವಳು ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ. ದೊರೆಯ ಹೊಗಳಿಕೆ ಇದೆ, ಪತಿವ್ರತೆ ಹೇಗಿರಬೇಕು ಅನ್ನೋ ಪಾಠ ಬೇಕಾದಷ್ಟಿದೆ. ಅದನ್ನು ಓದಿ "ಆಗಿನ ಹೆಂಗಸರೆಲ್ಲ ಎಷ್ಟು ವಿನಯವಾಗಿದ್ದರು" ಅನ್ನೋ ಮಹನೀಯರಿಗೆ ಲೆಕ್ಕವಿಲ್ಲ. ಹಾಗೆ ಇದ್ದವರಿಗೆ ಹಾಗಿರಿ ಅಂತ ಒಂದಿಡೀ ಪುಸ್ತಕ ಬರೆದು ಹೇಳುವ ಅಗತ್ಯ ಏನಿತ್ತಂತೆ? ಆ ಉಪದೇಶದ ನಡುವೆಯೇ ಹೊನ್ನಮ್ಮ ತಿರುಗಿ ಕೇಳುತ್ತಾಳೆ, ತಮ್ಮನ್ನೆಲ್ಲ ಹೆತ್ತವಳು ಹೆಣ್ಣಲ್ಲವೇ, ಸಾಕಿದವಳು ಹೆಣ್ಣಲ್ಲವೇ, ಮತ್ತೆ ಹೆಣ್ಣು ಹೆಣ್ಣು ಅಂತ ಯಾಕೆ ಹಳಿಯುತ್ತಾರೆ ಈ "ಕಣ್ಣು ಕಾಣದ ಗಾವಿಲರು" ಅಂತ. ಈ ಬೈಗುಳದಿಂದ ರಾಜನಿಗೆ ಕೀರ್ತಿ ಹೆಚ್ಚಲಿಲ್ಲ, ರಾಣಿಗೆ ಒಡವೆ ಬರಲಿಲ್ಲ. ಹೆಣ್ಣು ಹುಟ್ಟಿತು ಅಂತ ಮೂಗು ಮುರಿಯುವವರನ್ನು ಅವಳು ಕಣ್ಣಾರೆ ಕಂಡಿರಲೇಬೇಕು. ಗಾವಿಲ ಅಂದರೆ ದಡ್ಡ. ಉತ್ಸವ ಸಮಿತಿಯವರು ಮಹಿಳಾ ಗೋಷ್ಠಿಯ ಆಮಂತ್ರಣ ಪತ್ರಿಕೆಯಲ್ಲಿ ಹೊನ್ನಮ್ಮನ ಪದ್ಯ ಅಚ್ಚು ಹಾಕಿಸುವಾಗ ಈ ಒಂದು ಸಾಲನ್ನು ಮಾತ್ರ ಜಾಗ ಸಾಲದು ಅಂತ ಬಿಡುವುದು ಯಾಕಿರಬಹುದು ಅಂತ ಊಹಿಸುವುದು ಅಷ್ಟೇನೂ ಕಷ್ಟವಲ್ಲ, ಅಲ್ವಾ?