ಅಂಕಿತ ಕೊನೆ ಸಾಲಲ್ಲೇ ಇರಬೇಕಾ?

“ವಚನ ಅಂದ್ರೆ ಮಾತಾಡಿದ ಹಾಗೆ ಬರೆದ ಗದ್ಯ. ಕೊನೆ ಸಾಲಲ್ಲಿ ಅಂಕಿತ ಹಾಕಿದ್ರೆ ವಚನ ಆಯ್ತು.” ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ನಡುವೆ ಓಡಾಡುವ ನೋಟ್ಸಿನ ಸಾಲು ಇದು.

ಅರ್ಧ ಸರಿ. ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ತೆಗೆದು ನೋಡಿ. ಅದರಲ್ಲಿ ‘ಕೂಡಲಸಂಗಮದೇವಾ ಕೇಳಯ್ಯಾ’ ಎಂದು ತಮ್ಮ ಅಂಕಿತದಿಂದ ಕರೆದ ಮೇಲೆ ಇನ್ನೊಂದು ಸಾಲಿದೆ: ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.’ ಅಂಕಿತ ಹೆಚ್ಚಾಗಿ ಕೊನೆಯಲ್ಲಿ ಬರುತ್ತದೆ ನಿಜ, ಆದರೆ ಅದು ಸುಮ್ನೆ ಹಾಕಿದ ಸಹಿ ಅಲ್ಲ. ಇಲ್ಲಿ ದೇವರನ್ನು ಎದುರಿಗೆ ನಿಲ್ಲಿಸಿಕೊಂಡು, ಆಮೇಲೆ ತೀರ್ಪು ಹೇಳುತ್ತಾರೆ.

ಛಂದಸ್ಸಿನ ಲೆಕ್ಕ ಇಲ್ಲಿಲ್ಲ. ಆದರೆ ಇದೇ ವಚನದ ಸಾಲನ್ನು ಗಟ್ಟಿಯಾಗಿ ಓದಿ: ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’. ಕಾಲು-ಕಂಬ, ದೇಹ-ದೇಗುಲ ಒಂದೇ ಅಕ್ಷರದಿಂದ ಜೋಡಿಯಾಗುತ್ತವೆ. ಮೂರನೆಯದರಲ್ಲಿ ಆ ಜೋಡಿ ಇಲ್ಲ, ಸಾಲು ಉದ್ದವಾಗುತ್ತದೆ. ಕಾಲಿಂದ ತಲೆಯವರೆಗೆ ಗುಡಿ ಕಟ್ಟಿ ಮುಗಿಯಿತು, ಅಲ್ವಾ?

ಆಡುಮಾತು ಇರುವುದು ‘ನಾನೇನ ಮಾಡಲಿ? ಬಡವನಯ್ಯಾ’ ಎಂಬಲ್ಲಿ. ಪ್ರಶ್ನೆ, ಉತ್ತರ, ಜೊತೆಗೆ ‘ಅಯ್ಯಾ’. ಅದನ್ನು ‘ನಾನು ಬಡವನಾಗಿದ್ದೇನೆ’ ಎಂದು ಬದಲಿಸಿ ಓದಿ. ಅರ್ಥ ಉಳಿಯುತ್ತದೆ, ದನಿ ಹೋಗುತ್ತದೆ.