ಮನೆಗೊಂದು ವಾಲ್ವ್, ಬೀದಿಗೊಂದು ಹಾರೆ

ತುಮಕೂರಿನ ನಮ್ಮ ಬೀದಿಯಲ್ಲಿ ಮನೆ ಕಟ್ಟಿದಾಗ ರಸ್ತೆಯಿಂದ ಒಳಕ್ಕೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಡಾಂಬರು ಬಂತು. ಹಳೆಯದನ್ನು ಕೀಳದೆ ಅದರ ಮೇಲೇ ಮತ್ತೊಂದು ಡಾಂಬರು, ಅದರ ನೆತ್ತಿಯ ಮೇಲೆ ಕಾಂಕ್ರೀಟು. ಈಗ ಹತ್ತುವ ಮಾತಿಲ್ಲ, ಇಳಿಯಬೇಕು. ಮನೆ ಒಂದಿಂಚೂ ಅಲ್ಲಾಡದೆ ನಾವು ‘ತಗ್ಗು ಪ್ರದೇಶದ ನಿವಾಸಿಗಳು’ ಆದೆವು.

ರಸ್ತೆಯ ಜೊತೆ ಯುಜಿಡಿ ಎಂಬ ಒಳಚರಂಡಿಯ ಮ್ಯಾನ್‌ಹೋಲಿನ ಮುಚ್ಚಳಕ್ಕೂ ಬಡ್ತಿ ಸಿಕ್ಕಿತು, ನಮ್ಮ ಬಚ್ಚಲಿಗೆ ಸಿಗಲಿಲ್ಲ. ಇದರ ಫಲ ಜೋರು ಮಳೆಯಲ್ಲಿ ಗೊತ್ತಾಗುತ್ತದೆ. ಒಳಚರಂಡಿ ಲೈನು ತುಂಬಿದರೆ ಕೊಳಚೆ ಮೇಲೇರುತ್ತಾ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯನ್ನು ಹುಡುಕುತ್ತದೆ. ಮೊದಲೆಲ್ಲ ಆ ಬಾಯಿ ರಸ್ತೆಯ ಮ್ಯಾನ್‌ಹೋಲ್ ಆಗಿತ್ತು, ಈಗ ನಮ್ಮ ಬಚ್ಚಲ ಜಾಲರಿ. ಕಮೋಡು ಒಂದಡಿಗಿಂತ ಎತ್ತರದಲ್ಲಿರುವುದರಿಂದ ಅದರ ಸರದಿ ಆಮೇಲೆ. ಜಾಲರಿಯಲ್ಲಿ ಗುಳುಗುಳು ಸದ್ದು ಕೇಳಿದರೆ ನೆಲದ ಮೇಲಿನ ಅಕ್ಕಿಮೂಟೆ ಎತ್ತಿಡಬೇಕು ಎಂಬುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು.

ದೂರು ಕೊಡಲು ಹೋದವರಿಗೆ ಸಾಹೇಬರು ಬಹಳ ಸಮಾಧಾನದಿಂದ ಹೇಳಿದರು: “ನಿಮ್ಮ ಕನೆಕ್ಷನ್ನಿಗೆ ಬ್ಯಾಕ್‌ವಾಟರ್ ವಾಲ್ವ್ ಹಾಕಿಸ್ಕೊಳ್ಳಿ.” ಅಂದರೆ ಊರಿನ ಕೊಳಚೆ ಬರುವುದು ಊರಿನ ವಿಷಯ, ಬಾಗಿಲು ಹಾಕಿಕೊಳ್ಳುವುದು ನಮ್ಮ ವಿಷಯ.

ವಾಲ್ವ್ ಕೆಟ್ಟದ್ದೇನಲ್ಲ. ಪೈಪಿನೊಳಗೆ ತೂಗುವ ಒಂದು ಮುಚ್ಚಳ, ಅಷ್ಟೆ. ಮನೆಯ ನೀರು ಹೊರಹೋಗುವಾಗ ತೆರೆದುಕೊಳ್ಳುತ್ತದೆ, ಬೀದಿಯ ನೀರು ಒಳನುಗ್ಗಿದರೆ ಅದೇ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಅಂಗಡಿಯವರು ಮಾತ್ರ ಎನ್‌ಆರ್‌ವಿ, ಅಂದರೆ ನಾನ್‌ ರಿಟರ್ನ್ ವಾಲ್ವ್, ಎಂದೊಡನೆ ಬೋರ್‌ವೆಲ್ ಪೈಪಿನ ಸ್ಪ್ರಿಂಗ್ ಇರುವ ಹಿತ್ತಾಳೆಯದನ್ನು ಕೈಗಿಡುತ್ತಾರೆ. ಆ ಸ್ಪ್ರಿಂಗು ಸೋಲುವುದು ಪಂಪಿನ ಒತ್ತಡಕ್ಕೆ, ಬಚ್ಚಲಿನಿಂದ ಇಳಿಜಾರಿನಲ್ಲಿ ಹರಿದುಬರುವ ನೀರಿಗಲ್ಲ. ಕೂದಲು, ಬಟ್ಟೆಚೂರು ಸಿಕ್ಕಿಕೊಂಡು ಎರಡು ವಾರಕ್ಕೆ ಅದೇ ಬೂಚು. ಬೇಕಾದದ್ದು ಚರಂಡಿ ಪೈಪಿನ ಅಳತೆಯದು, 110 ಮಿಲಿಮೀಟರಿನದು, ಮೇಲಿನ ಮುಚ್ಚಳ ಬಿಚ್ಚಿ ಒಳಗೆ ಕೈಹಾಕಿ ತೊಳೆಯುವಂಥದ್ದು. ಅದನ್ನು ಮಣ್ಣಿನಲ್ಲಿ ಹೂಳದೆ ಚೇಂಬರಿನೊಳಗೆ ಇಡಬೇಕು, ಮೈಮೇಲಿನ ಬಾಣದ ಗುರುತು ಬೀದಿಯ ಕಡೆಗಿರಬೇಕು. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಬಾಣ ಒಳಮುಖವಾಗಿ ಕೂತು, ಊರಿನ ಕೊಳಚೆಗೆ ಸ್ವಾಗತ, ಮನೆಯದಕ್ಕೆ ಪ್ರವೇಶ ನಿಷೇಧ ಎಂಬಂತಾಗಿತ್ತು. ಪಾಪ, ವಾಸ್ತು ನೋಡಿ ಹಾಕಿಸಿದ್ದರಂತೆ.

ಬೀದಿಯಲ್ಲಿ ಎಲ್ಲಕ್ಕಿಂತ ಶಿಸ್ತಾಗಿ ಹಾಕಿಸಿದವರು ನಿವೃತ್ತ ಮೇಷ್ಟ್ರು. ಒಳ್ಳೆಯ ವಾಲ್ವ್, ಸರಿಯಾದ ಬಾಣ, ಗೇಟಿನ ಪಕ್ಕದ ಕೊನೆಯ ಚೇಂಬರಿನಲ್ಲಿ. ಇಡೀ ಮನೆಯ ಕೊಳಚೆ ಆ ಒಂದೇ ವಾಲ್ವ್ ದಾಟಿ ಹೋಗಬೇಕು. ಮುಂದಿನ ದೊಡ್ಡ ಮಳೆಯ ರಾತ್ರಿ ಬೀದಿಯ ಲೈನು ತುಂಬಿತು, ವಾಲ್ವ್ ಗಟ್ಟಿಯಾಗಿ ಮುಚ್ಚಿಕೊಂಡಿತು, ಬೀದಿಯ ಒಂದು ಹನಿಯೂ ಒಳಗೆ ಬರಲಿಲ್ಲ. ಆದರೂ ಮೇಷ್ಟ್ರ ಹಾಲಿನಲ್ಲಿ ಪಾದ ಮುಳುಗುವಷ್ಟು ನೀರು. ಮುಚ್ಚಿದ ಬಾಗಿಲು ಒಳಗಿನವರಿಗೂ ಮುಚ್ಚಿರುತ್ತದೆ. ಮಹಡಿಯ ಬಾಡಿಗೆಯವರು ಏನೂ ಅರಿಯದೆ ಫ್ಲಶ್ ಒತ್ತಿದ್ದು, ವಾಷಿಂಗ್ ಮೆಷಿನ್ ಹಾಕಿದ್ದು ಎಲ್ಲ ಕೆಳಗಿಳಿದು, ಹೊರದಾರಿ ಕಾಣದೆ ಮೇಷ್ಟ್ರ ಬಚ್ಚಲಿನಲ್ಲಿ ಉಕ್ಕಿತು. “ನಮ್ಮ ಮನೆಗೆ ಬಂದಿದ್ದು ಊರಿನದ್ದಲ್ಲ, ಅಪ್ಪಟ ನಮ್ಮದೇ” ಎಂದು ಮೇಷ್ಟ್ರು ಈಗಲೂ ಸ್ವಾಭಿಮಾನದಿಂದ ಹೇಳುತ್ತಾರೆ.

ಬಾಡಿಗೆಯವರದೊಂದೇ ಪಾಲಾಗಿದ್ದರೆ ನಾಲ್ಕು ಬಕೆಟ್ಟಿನಲ್ಲಿ ಮುಗಿಯುತ್ತಿತ್ತು. ದೊಡ್ಡ ಅಪರಾಧಿ ತಾರಸಿ. ಅಲ್ಲಿಂದಿಳಿಯುವ ಮಳೆ ಪೈಪನ್ನು ಮನೆ ಕಟ್ಟಿದ ಕಾಲದಲ್ಲೇ ಅದೇ ಚೇಂಬರಿಗೆ ತಿರುಗಿಸಿದ್ದರು. ಮೂವತ್ತು ನಲವತ್ತರ ಸೈಟಿನ ತಾರಸಿ ಸುಮಾರು 110 ಚದರ ಮೀಟರು. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿಂದ ಇಳಿಯುವುದು 5,500 ಲೀಟರ್. ಒಳಚರಂಡಿ ಲೆಕ್ಕ ಹಾಕುವ ಎಂಜಿನಿಯರುಗಳು ತಲೆಗೆ ದಿನಕ್ಕೆ 135 ಲೀಟರ್ ನೀರು ಹಿಡಿದು, ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ಎನ್ನುತ್ತಾರೆ. ಐದು ಜನರ ಮನೆಗೆ ಅದು ದಿನಕ್ಕೆ 540 ಲೀಟರ್. ಅಂದರೆ ಹತ್ತು ದಿನ ಸ್ನಾನ, ಪಾತ್ರೆ, ಪಾಯಿಖಾನೆ ಎಲ್ಲ ಸೇರಿ ಕಳಿಸುವುದನ್ನು ತಾರಸಿ ಒಂದೇ ಗಂಟೆಯಲ್ಲಿ ಕಳಿಸುತ್ತದೆ. ಏಪ್ರಿಲ್ಲಿನಲ್ಲಿ ಇಷ್ಟೇ ನೀರಿಗೆ ನಾವು ಟ್ಯಾಂಕರಿನವನ ಮುಂದೆ ದುಡ್ಡು ಹಿಡಿದು ನಿಂತಿರುತ್ತೇವೆ, ಅದು ಬೇರೆ ಮಾತು.

ಮೇಷ್ಟ್ರೊಬ್ಬರನ್ನು ಅಂದು ಏನು ಪ್ರಯೋಜನ? ಬೀದಿಯ ಒಂದೊಂದು ತಾರಸಿಯೂ ಯುಜಿಡಿಗೇ ಇಳಿಯುತ್ತದೆ. ಆ ಲೈನು ಮಾಡಿದ್ದು ಕೊಳಚೆಗೆ, ಮಳೆಗಲ್ಲ. ಎಲ್ಲರ ತಾರಸಿ ಸೇರಿ ಲೈನು ತುಂಬುತ್ತದೆ, ಆಮೇಲೆ ಎಲ್ಲರೂ ‘ಊರಿನ ಕೊಳಚೆ’ ತಡೆಯಲು ವಾಲ್ವ್ ಕೊಳ್ಳುತ್ತಾರೆ.

ಎರಡನೆಯ ಸಲ ಮೇಷ್ಟ್ರು ಹಿರಿಯ ಪ್ಲಂಬರನ್ನು ಕರೆಸಿದರು. ಆತ ಮೊದಲು ತೆಗೆದದ್ದು ಗಾರೆಯವರ ಲೆವೆಲ್ ಪೈಪು. ನೀರು ತುಂಬಿದ ಆ ಪಾರದರ್ಶಕ ಪೈಪಿನ ಒಂದು ತುದಿಯನ್ನು ಬೀದಿಯ ಮೇಲ್ಗಡೆಯ ಮ್ಯಾನ್‌ಹೋಲ್ ಮುಚ್ಚಳದ ಬಳಿ, ಇನ್ನೊಂದನ್ನು ಬಚ್ಚಲ ನೆಲದ ಬಳಿ ಹಿಡಿದು ನೋಡಿದ. ಬಚ್ಚಲು ಎಂಟು ಇಂಚು ಕೆಳಗಿತ್ತು.

“ಮೇಷ್ಟ್ರೇ, ಆ ಮುಚ್ಚಳಕ್ಕಿಂತ ಕೆಳಗಿರೋದಕ್ಕೆ ಮಾತ್ರ ವಾಲ್ವು. ಮಹಡಿಗೆ ಯಾಕೆ? ಅಲ್ಲಿಗೆ ಕೊಳಚೆ ಹತ್ತಬೇಕಾದ್ರೆ ಮೊದ್ಲು ಊರೇ ಮುಳುಗಿರ್ಬೇಕು.”

ಕೆಳಮನೆಯ ಬಚ್ಚಲು, ಪಾಯಿಖಾನೆ ಮಾತ್ರ ವಾಲ್ವ್ ದಾಟಿ ಹೋಗುವಂತೆ ಮಾಡಿ, ಮಹಡಿಯ ಪೈಪನ್ನು ವಾಲ್ವಿನಿಂದಾಚೆ ಬೀದಿಯ ಕಡೆಗೆ ಸೇರಿಸಿದ. ತಾರಸಿಯ ಪೈಪನ್ನು ಕಿತ್ತು ನೀರಿನ ಸಂಪಿನೊಳಕ್ಕೆ ಬಿಟ್ಟು, ಹೆಚ್ಚಾದದ್ದು ಕಾಂಪೌಂಡಿನ ಮೇಲ್ಭಾಗದಿಂದ ಮಳೆನೀರಿನ ಮೋರಿಗೆ ಬೀಳುವಂತೆ ಮಾಡಿದ. ತಾರಸಿಯ ನೀರು ಎತ್ತರದಿಂದ ಬರುವುದರಿಂದ ರಸ್ತೆ ಎಷ್ಟು ಏರಿದರೂ ಅದಕ್ಕೆ ಚಿಂತೆಯಿಲ್ಲ. ಇನ್ನು ಮಳೆಗಾಲಕ್ಕೆ ಮುಂಚೆ ವಾಲ್ವಿನ ಮೇಲಿನ ಮುಚ್ಚಳ ಬಿಚ್ಚಿ ತೊಳೆಯಬೇಕು. ಒಳಗೆ ತೂಗುವ ತಟ್ಟೆ ಕೂರುವ ಅಂಚಿನಲ್ಲಿ ಒಂದು ಜಲ್ಲಿ ಚೂರು ಸಿಕ್ಕರೂ ಸಾಕು, ಬಾಗಿಲು ಅರೆ ತೆರೆದೇ ಇರುತ್ತದೆ. ಲೈನು ತುಂಬಿರುವಷ್ಟು ಹೊತ್ತು ಕೆಳಮನೆಯವರು ನಲ್ಲಿ ಮುಟ್ಟದೆ ಕೂರಬೇಕು. ಇದಕ್ಕೆ ಪ್ಲಂಬರಿನ ಬಳಿಯೂ ಮದ್ದಿಲ್ಲ.

ಮೇಷ್ಟ್ರ ಮನೆ ಒಣಗಿದ್ದು ಕಂಡು ಹೆಚ್ಚುಕಡಿಮೆ ಎಲ್ಲರೂ ವಾಲ್ವ್ ಹಾಕಿಸಿದರು. ತಾರಸಿಯ ಪೈಪು ಮಾತ್ರ ಯಾರೂ ಕೀಳಲಿಲ್ಲ. “ಕಿತ್ರೆ ನೀರು ನಮ್ಮ ಗೇಟಿನ ಮುಂದೆ ನಿಲ್ಲುತ್ತೆ, ಅಸಹ್ಯ” ಎಂಬುದು ಎಲ್ಲರ ಒಮ್ಮತ. ಮುಂದಿನ ಮಳೆಗೆ ಮನೆಮನೆಯೂ ಬಾಗಿಲು ಹಾಕಿಕೊಂಡಿದ್ದರಿಂದ ಕೊಳಚೆ ಇನ್ನೂ ಮೇಲೇರಿ, ವಾಲ್ವ್ ಇಲ್ಲದ ಕೊನೆಯ ಮನೆಯ ಅಜ್ಜಿಯ ಬಚ್ಚಲಿನಲ್ಲಿ ಹೊರಬಂತು. ಅಜ್ಜಿಯ ಮನೆಯೊಂದಕ್ಕೇ ಅದು ಸಾಲದೆ ಮ್ಯಾನ್‌ಹೋಲಿನ ಮುಚ್ಚಳದ ಸಂದಿಯಿಂದ ರಸ್ತೆಗೂ ಉಕ್ಕಿತು. ರಸ್ತೆ ಮನೆಗಳಿಗಿಂತ ಎತ್ತರವಲ್ಲವೇ, ಅಲ್ಲಿಂದ ಗೇಟಿನ ಕೆಳಗೆ ತೂರಿ ವರಾಂಡ ದಾಟಿ, ರಾಜಮಾರ್ಗದಲ್ಲೇ ಹಾಲಿಗೆ ಬಂತು. ಪೈಪಿನಲ್ಲಿ ಬರುವುದನ್ನಷ್ಟೇ ವಾಲ್ವ್ ತಡೆಯುತ್ತದೆ.

ಇದಕ್ಕೆ ಪರಿಹಾರವೆಂದು ಬೀದಿಯವರ ಸಭೆ ಸೇರಿ, ಮಳೆ ಶುರುವಾದ ಕೂಡಲೇ ಮ್ಯಾನ್‌ಹೋಲಿನ ಮುಚ್ಚಳವನ್ನೇ ಹಾರೆಯಿಂದ ಎಬ್ಬಿಸಿ ರಸ್ತೆಯ ನೀರನ್ನೆಲ್ಲ ಅದರೊಳಕ್ಕೆ ಬಿಡುವುದೆಂದು ತೀರ್ಮಾನವಾಯಿತು. “ಆ ನೀರೂ ಅದೇ ಲೈನಿಗೆ ಹೋಗಿ ಅಜ್ಜಿ ಮನೇಲೇ ಏಳುತ್ತಲ್ಲ?” ಎಂದರು ಮೇಷ್ಟ್ರು. ಅದು ಅಜೆಂಡಾದಲ್ಲಿ ಇರಲಿಲ್ಲ. ಹಾರೆ ಕೊಳ್ಳಲು ಮನೆಗೆ ಐವತ್ತು ರೂಪಾಯಿ ವಂತಿಗೆ. ಅಜ್ಜಿಯೂ ಕೊಟ್ಟಿದ್ದಾರೆ.